ಬಿಂದು ತಪ್ಪಿದರೆ ಮೆಷಿನ್ನೇ ತಪ್ಪುತ್ತದೆ

ಪೀಣ್ಯದ ಸಣ್ಣ ವರ್ಕ್‌ಶಾಪ್ ಒಂದಕ್ಕೆ ಅಮೆರಿಕದ ಗಿರಾಕಿಯಿಂದ ಗೇರ್‌ಬಾಕ್ಸ್ ಶಾಫ್ಟಿನ ಡ್ರಾಯಿಂಗ್ ಬಂದಿದೆ ಎಂದುಕೊಳ್ಳಿ. ಮೂಲ ಡ್ರಾಯಿಂಗ್ ಇಂಚಿನ ಲೆಕ್ಕದ್ದು. ಯಾರೋ ಕೂತು ಅಳತೆಗಳನ್ನೆಲ್ಲ ಮಿಲಿಮೀಟರಿಗೆ ತಿರುಗಿಸಿದ್ದಾರೆ. ಆದರೆ ಆಯಿಲ್ ಸೀಲ್ ಕೂರುವ ಜಾಗದಲ್ಲಿ, ಟಿಕ್ ಹೊಡೆದಂತಿರುವ ಚಿಹ್ನೆಯ ಮೇಲೆ, 16 ಎಂಬ ಅಂಕಿ ಮಾತ್ರ ಹಾಗೇ ಉಳಿದುಬಿಟ್ಟಿದೆ. ಪಕ್ಕದಲ್ಲಿ ಯಾವ ಮಾನವೆಂದು ಬರೆದಿಲ್ಲ.

“ಸಾರ್, ಫಿನಿಶ್ ಹದಿನಾರು ಅಂತಿದೆ. ಪಾಯಿಂಟ್ ಬಿಟ್ಟೋಗಿರ್ಬೇಕು, ಒನ್ ಪಾಯಿಂಟ್ ಸಿಕ್ಸ್ ಅಲ್ವಾ?” ಎನ್ನುತ್ತಾನೆ ಲೇತ್ ಮೇಲೆ ನಿಂತ ಹುಡುಗ. ಸೂಪರ್‌ವೈಸರ್ ಇಣುಕಿ ನೋಡಿ, “ಅದೇ ಇರ್ಬೇಕು, ಹಾಕು” ಎನ್ನುತ್ತಾರೆ.

ಇಬ್ಬರ ಊಹೆಯೂ ಮೂರ್ಖತನದ್ದಲ್ಲ. ನಮ್ಮ ಕಡೆಯ ಡ್ರಾಯಿಂಗ್‌ಗಳಲ್ಲಿ 1.6 ದಿನಾ ಕಾಣುವ ಅಂಕಿ. ಆದರೂ ಅದು ತಪ್ಪು, ತಪ್ಪಿದ್ದು ಸರಿಯಾಗಿ ನಾಲ್ಕು ಪಟ್ಟು. ಈ ನಾಲ್ಕು ಪಟ್ಟಿನ ಅಂತರದಲ್ಲೇ ಕೆಲಸ ಲೇತ್ ಬಿಟ್ಟು ಗ್ರೈಂಡಿಂಗ್ ಮೆಷಿನ್ನಿಗೆ ಹೋಗುತ್ತದೆ.

ಮೊದಲು ಈ ಅಂಕಿ ಏನನ್ನು ಹೇಳುತ್ತದೆಂದು ನೋಡೋಣ. ಕಣ್ಣಿಗೆ ಕನ್ನಡಿಯಂತೆ ಕಾಣುವ ಲೋಹದ ಮೇಲೂ ಏರಿಳಿತಗಳಿರುತ್ತವೆ. ರಫ್ನೆಸ್ ಟೆಸ್ಟರ್ ಎಂಬ ಉಪಕರಣದ ವಜ್ರದ ಮೊನೆ ಆ ಏರಿಳಿತಗಳ ಮೇಲೆ ಕೆಲವು ಮಿಲಿಮೀಟರ್ ದೂರ ತೆವಳಿ, ನಡುವೆ ಒಂದು ಸರಾಸರಿ ಗೆರೆ ಎಳೆಯುತ್ತದೆ. ಮೇಲ್ಮೈ ಆ ಗೆರೆಯಿಂದ ಮೇಲಕ್ಕೋ ಕೆಳಕ್ಕೋ ಸರಾಸರಿ ಎಷ್ಟು ದೂರ ಸರಿದಿದೆ ಎಂಬುದೇ Ra. ಇದನ್ನು ಅಳೆಯುವ ಮಾನ ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ವರ್ಕ್‌ಶಾಪಿನಲ್ಲಿ ಮೈಕ್ರೋಮೀಟರ್ ಎಂದರೆ ವ್ಯಾಸ ಅಳೆಯುವ ಸಾಧನ ಕೈಗೆ ಬರುತ್ತದೆಯಾದ್ದರಿಂದ ಎಲ್ಲರೂ ಮೈಕ್ರಾನ್ ಎನ್ನುತ್ತಾರೆ. ನಾವೂ ಹಾಗೇ ಕರೆಯೋಣ. ಇಂಚಿನ ಲೆಕ್ಕದವರು ಬಳಸುವುದು ಮೈಕ್ರೋಇಂಚ್, ಅಂದರೆ ಇಂಚಿನ ಹತ್ತು ಲಕ್ಷದ ಒಂದು ಪಾಲು.

ಒಂದು ಇಂಚಿಗೆ 25.4 ಮಿಲಿಮೀಟರ್. ಹಾಗಾಗಿ ಒಂದು ಮೈಕ್ರೋಇಂಚ್ ಎಂದರೆ 0.0254 ಮೈಕ್ರಾನ್, ಒಂದು ಮೈಕ್ರಾನ್ ಎಂದರೆ 39.37 ಮೈಕ್ರೋಇಂಚ್. ಲೆಕ್ಕದ ಯಂತ್ರ ಕೈಯಲ್ಲಿಲ್ಲದಾಗ 40 ಎಂದುಕೊಂಡರೆ ಸಾಕು. ಅದರಿಂದ ಬರುವ ವ್ಯತ್ಯಾಸ ನೂರಕ್ಕೆ ಎರಡರೊಳಗೆ. ಒಂದೇ ಶಾಫ್ಟನ್ನು ಪಕ್ಕಪಕ್ಕದ ಎರಡು ಜಾಗದಲ್ಲಿ ಅಳೆದರೂ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬರುವುದುಂಟು.

ನಲವತ್ತರಿಂದ ಭಾಗಿಸುವುದನ್ನು ಬಾಯಿಲೆಕ್ಕ ಮಾಡುವುದು ಸುಲಭ. ಮೈಕ್ರೋಇಂಚಿನ ಅಂಕಿಗೆ ಒಂದು ಬಿಂದು ಹಾಕಿ ಹತ್ತನೇ ಒಂದು ಮಾಡಿ, ಆಮೇಲೆ ಅದರ ಕಾಲು ಭಾಗ ತೆಗೆಯಿರಿ. 32 ಎಂಬುದು 3.2 ಆಗಿ, ಅದರ ಕಾಲು 0.8 ಆಗುತ್ತದೆ. 16 ಎಂಬುದು 1.6 ಆಗಿ, ಅದರ ಕಾಲು 0.4 ಆಗುತ್ತದೆ. ತಿರುಗಿ ಹೋಗುವಾಗ ನಾಲ್ಕರಿಂದ ಗುಣಿಸಿ ಹತ್ತು ಪಟ್ಟು ಮಾಡಿದರಾಯಿತು.

ನಮ್ಮ ಹುಡುಗ ಎಡವಿದ್ದು ಎಲ್ಲೆಂದು ಈಗ ಕಾಣುತ್ತದೆ. ಅವನು ಬಿಂದು ಹಾಕಿದ, ಕಾಲು ಮಾಡಲಿಲ್ಲ. ಅರ್ಧ ಲೆಕ್ಕಕ್ಕೇ ನಿಂತ. ಎರಡೂ ಕಡೆಯ ರೂಢಿಯ ಅಂಕಿಗಳೇ ಈ ಬಲೆ ಹೆಣೆದಿವೆ. ಮೈಕ್ರಾನಿನಲ್ಲಿ 12.5, 6.3, 3.2, 1.6, 0.8, 0.4 ಎಂದು ಅರ್ಧರ್ಧ ಇಳಿಯುವ ಸಾಲು. ಮೈಕ್ರೋಇಂಚಿನಲ್ಲಿ 500, 250, 125, 63, 32, 16 ಎಂಬ ಸಾಲು. ಇವು ಒಂದಕ್ಕೊಂದು ಅದೇ ಕ್ರಮದಲ್ಲಿ ಹೊಂದುತ್ತವೆ: 12.5ಕ್ಕೆ 500, 3.2ಕ್ಕೆ 125, 1.6ಕ್ಕೆ 63, 0.4ಕ್ಕೆ 16. ಆದರೆ ಮುಖ ನೋಡಿದರೆ 6.3ಕ್ಕೆ 63, 3.2ಕ್ಕೆ 32, 1.6ಕ್ಕೆ 16 ಅವಳಿಗಳಂತೆ ಕಾಣುತ್ತವೆ. ಅವಳಿಗಳನ್ನು ಒಂದೇ ಎಂದುಕೊಂಡವರು ಎರಡು ಮೆಟ್ಟಿಲು ತಪ್ಪಿ ಬೀಳುತ್ತಾರೆ.

ಹಾಗೆಂದು ಗುರುತಿಸಲಾಗದ ಬಲೆಯೇನಲ್ಲ. 16, 32, 63, 125 ಇವು ಮೈಕ್ರಾನಿನ ರೂಢಿಯ ಸಾಲಿನಲ್ಲಿಲ್ಲ. ಇಂಥ ಪೂರ್ಣಾಂಕ ಕಂಡರೆ ಅದು ಮೈಕ್ರೋಇಂಚ್ ಇರಬೇಕೆಂದು ಮೊದಲು ಅನುಮಾನಿಸಬೇಕು. 16 ಮೈಕ್ರಾನ್ ಒರಟಿರುವ ಜಾಗದ ಮೇಲೆ ಯಾರೂ ರಬ್ಬರಿನ ಸೀಲ್ ಕೂರಿಸುವುದಿಲ್ಲ, ಅದು ಗರಗಸದಲ್ಲಿ ಕೊಯ್ದ ಮೇಲ್ಮೈಯ ಒರಟು. ಆಮೇಲೆ ಡ್ರಾಯಿಂಗಿನ ಮೂಲೆಯ ಚೌಕದಲ್ಲಿ ಮೂಲ ಅಳತೆ ಯಾವ ಮಾನದ್ದೆಂದು ನೋಡಬೇಕು. ಅಲ್ಲೂ ತಿಳಿಯದಿದ್ದರೆ ಗಿರಾಕಿಯನ್ನೇ ಕೇಳಬೇಕು.

ಇರಲಿ, ಹುಡುಗ 1.6 ಎಂದೇ ಲೇತ್ ಹೊಂದಿಸುತ್ತಾನೆ. ಲೇತ್ ಕೆಲಸ ಹೊಲ ಉಳುವುದರ ಹಾಗೆ. ಶಾಫ್ಟ್ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಎಷ್ಟು ಮುಂದೆ ಸರಿಯುತ್ತದೋ ಅದು ಫೀಡ್, ಅದೇ ಸಾಲಿನಿಂದ ಸಾಲಿಗಿರುವ ಅಂತರ. ಟೂಲಿನ ಮೂಗು ದುಂಡಗಿರುವುದರಿಂದ ಎರಡು ಸಾಲುಗಳ ನಡುವೆ ಒಂದು ದಿಂಡು ಉಳಿಯುತ್ತದೆ. ಆ ದಿಂಡುಗಳ ಒರಟನ್ನು ಹೀಗೆ ಅಂದಾಜಿಸಬಹುದು:

```
Ra ≈ f² / (32 × r)
```

ಇಲ್ಲಿ f ಎಂದರೆ ಫೀಡ್, r ಎಂದರೆ ಟೂಲಿನ ಮೂಗಿನ ತ್ರಿಜ್ಯ. ಎರಡನ್ನೂ ಮಿಲಿಮೀಟರಿನಲ್ಲಿ ಹಾಕಿದರೆ ಉತ್ತರವೂ ಮಿಲಿಮೀಟರಿನಲ್ಲಿ ಬರುತ್ತದೆ. ಮೂಗು 0.8, ಫೀಡ್ 0.2 ಎಂದಿಟ್ಟರೆ 0.04ನ್ನು 25.6ರಿಂದ ಭಾಗಿಸಬೇಕು. ಉತ್ತರ 0.00156 ಮಿಲಿಮೀಟರ್, ಅಂದರೆ 1.56 ಮೈಕ್ರಾನ್. ಹುಡುಗ ಸಂತೋಷವಾಗಿ ಕೆಲಸ ಮುಗಿಸುತ್ತಾನೆ. ಟೆಸ್ಟರ್ ಕೂಡ 1.6ರ ಆಸುಪಾಸು ತೋರಿಸುತ್ತದೆ. ಗಿರಾಕಿಗೆ ಬೇಕಾಗಿದ್ದು ಮಾತ್ರ 0.4.

ತಪ್ಪು ಈಗಲೇ ತಿಳಿಯಿತು ಎನ್ನೋಣ. ಫೀಡ್ ಕಡಿಮೆ ಮಾಡಿ ಲೇತ್‌ನಲ್ಲೇ 0.4 ತರಲಾಗದೆ? ಸೂತ್ರದಲ್ಲಿ ಫೀಡಿನ ವರ್ಗವಿದೆ, ಫೀಡ್ ಅರ್ಧವಾದರೆ ಒರಟು ಕಾಲು ಭಾಗಕ್ಕಿಳಿಯಬೇಕು. 0.1 ಹಾಕಿದರೆ ಕಾಗದದ ಮೇಲೆ 0.39 ಬರುತ್ತದೆ. ಮೆಷಿನ್ ಮೇಲೆ ಅಷ್ಟು ಬರುವುದು ಅಪರೂಪ. ಸೂತ್ರಕ್ಕೆ ಗೊತ್ತಿರುವುದು ಟೂಲಿನ ಆಕಾರ ಮಾತ್ರ. ದಿಂಡುಗಳು ಚಿಕ್ಕದಾದಂತೆ ಅಲ್ಲಿಯವರೆಗೆ ಅಡಗಿದ್ದ ಬೇರೆ ದೋಷಗಳು ಮೇಲೇಳುತ್ತವೆ. ಮೃದು ಉಕ್ಕನ್ನು ಕಡಿಮೆ ವೇಗದಲ್ಲಿ ಕೊರೆದರೆ ಲೋಹದ ಚೂರು ಟೂಲಿನ ತುದಿಗೆ ಬೆಸೆದು, ಮತ್ತೆ ಕಿತ್ತು ಮೇಲ್ಮೈಯನ್ನು ಹರಿಯುತ್ತದೆ. ಹಾಗಾದಾಗ ಮೇಲ್ಮೈ ಮಂಕಾಗಿ, ಅಲ್ಲಲ್ಲಿ ಕಿತ್ತಂತೆ ಕಾಣುತ್ತದೆ, ಅದಕ್ಕೆ ವೇಗ ಹೆಚ್ಚಿಸಬೇಕು. ಮೆಷಿನ್ ಅಥವಾ ಟೂಲ್ ನಡುಗಿದರೆ ಫೀಡಿನ ಸಾಲುಗಳಿಗೆ ಸಂಬಂಧವಿಲ್ಲದ ಅಲೆಗಳು ಮೂಡುತ್ತವೆ. ಕೊರೆತ ತೀರಾ ತೆಳುವಾದರೆ ಟೂಲ್ ಲೋಹವನ್ನು ಕತ್ತರಿಸದೆ ಉಜ್ಜತೊಡಗುತ್ತದೆ, ಆಗ ಫೀಡ್ ಇನ್ನೂ ಇಳಿಸಿದರೂ ಫಿನಿಶ್ ಸುಧಾರಿಸುವುದಿಲ್ಲ.

ಅದಕ್ಕೇ ಯಾವ ಮೆಷಿನ್ ಎಲ್ಲಿಯವರೆಗೆ ಎಂಬುದಕ್ಕೆ ಅನುಭವದ ಮಿತಿಗಳಿವೆ. ಡ್ರಿಲ್ ಮಾಡಿದ ತೂತು ಸಾಮಾನ್ಯವಾಗಿ 6.3ರಿಂದ 1.6 ಮೈಕ್ರಾನ್, ಮಿಲ್ಲಿಂಗ್ 6.3ರಿಂದ 0.8. ಲೇತ್ 6.3ರಿಂದ 0.4ರವರೆಗೆ ಬರುತ್ತದೆ, ಆದರೆ ದಿನನಿತ್ಯ ನಂಬಿಕೊಂಡು ಮಾಡಬಹುದಾದದ್ದು 1.6, ಎಚ್ಚರ ವಹಿಸಿದರೆ 0.8. ಗ್ರೈಂಡಿಂಗ್‌ಗೆ 1.6ರಿಂದ 0.1 ಸಹಜ. ಅದಕ್ಕೂ ಕೆಳಗೆ ಲ್ಯಾಪಿಂಗ್‌ನಂಥ ಕೆಲಸಗಳು. ಒಂದು ಮೆಷಿನ್ನಿನ ಮಿತಿಯ ಕೊನೆಯ ಅಂಚಿನಲ್ಲಿ ಕೆಲಸ ಒಪ್ಪಿಕೊಂಡವರು ಹತ್ತು ಜಾಬ್‌ನಲ್ಲಿ ಕೆಲವನ್ನು ಮತ್ತೆ ಮಾಡಲು ತಯಾರಿರಬೇಕು. 0.4 ಲೇತಿಗೆ ಆ ಅಂಚು, ಗ್ರೈಂಡಿಂಗ್‌ಗೆ ನಡುಮನೆ.

ಸೀಲ್ ಕೂರುವ ಜಾಗಕ್ಕೆ ಇನ್ನೊಂದು ತಕರಾರಿದೆ. ಅದನ್ನು Ra ಹೇಳುವುದೇ ಇಲ್ಲ. ಲೇತ್‌ನ ಸಾಲುಗಳು ಬಿಡಿಬಿಡಿ ಉಂಗುರಗಳಲ್ಲ, ಅದು ಸ್ಕ್ರೂವಿನ ಮರೆಯಂತೆ ಸುತ್ತುತ್ತ ಹೋಗುವ ಒಂದೇ ಸಾಲು. ಒಳ್ಳೆಯ ಇನ್ಸರ್ಟ್ ಹಾಕಿ 0.4 ತಂದರೂ ಆ ಸುತ್ತು ಉಳಿದಿರುತ್ತದೆ. ಶಾಫ್ಟ್ ತಿರುಗುವಾಗ ಅದು ಎಣ್ಣೆಯನ್ನು ಸೀಲಿನ ತುಟಿಯ ಅಡಿಯಿಂದ ಹೊರಕ್ಕೆ ದೂಡಬಲ್ಲದು. ಆದ್ದರಿಂದ ಇಲ್ಲಿ ಗ್ರೈಂಡಿಂಗ್ ಚಕ್ರವನ್ನು ಅಡ್ಡ ಸರಿಸದೆ ನೇರವಾಗಿ ಒಳಕ್ಕೆ ಒತ್ತಿ, ಕೊನೆಗೆ ಒತ್ತಡ ನಿಲ್ಲಿಸಿ ಕಿಡಿ ಆರುವವರೆಗೆ ಬಿಡುತ್ತಾರೆ. ಸುತ್ತು ಉಳಿದಿದೆಯೇ ಎಂದು ನೋಡುವ ವಿಧಾನ ಸರಳ. ಶಾಫ್ಟಿಗೆ ತೆಳುವಾಗಿ ಎಣ್ಣೆ ಸವರಿ, ಸಣ್ಣ ಭಾರ ಕಟ್ಟಿದ ಹತ್ತಿ ದಾರವನ್ನು ಅದರ ಮೇಲೆ ಇಳಿಬಿಟ್ಟು, ಶಾಫ್ಟನ್ನು ನಿಧಾನಕ್ಕೆ ತಿರುಗಿಸುತ್ತಾರೆ. ಒಂದು ದಿಕ್ಕಿಗೆ ತಿರುಗಿಸಿದಾಗ ದಾರ ಎಡಕ್ಕೂ, ಹಿಂದಕ್ಕೆ ತಿರುಗಿಸಿದಾಗ ಬಲಕ್ಕೂ ನಡೆದರೆ ಸುತ್ತು ಇದೆ ಎಂದರ್ಥ.

ಹಾಗಾದರೆ ಇನ್ನಷ್ಟು ನುಣುಪು ಮಾಡಿ 0.1 ಕೊಟ್ಟುಬಿಟ್ಟರೆ? ಅದೂ ಕೂಡದು. ತೀರಾ ನುಣುಪಾದ ಶಾಫ್ಟಿನ ಮೇಲೆ ಎಣ್ಣೆಯ ಪದರ ನಿಲ್ಲುವುದಿಲ್ಲ, ಸೀಲಿನ ತುಟಿ ಒಣಗಿ ಸುಡುತ್ತದೆ. ಅಮೆರಿಕದ ರೂಢಿಯಲ್ಲಿ ಈ ಜಾಗಕ್ಕೆ ಸುಮಾರು 8ರಿಂದ 17 ಮೈಕ್ರೋಇಂಚ್ ಕೇಳುತ್ತಾರೆ, ಅಂದರೆ 0.2ರಿಂದ 0.43 ಮೈಕ್ರಾನ್. ಜರ್ಮನ್ ರೂಢಿ 0.2ರಿಂದ 0.8 ಮೈಕ್ರಾನ್. ಕೆಳಗಿನ ಮಿತಿ ಇಬ್ಬರಿಗೂ ಒಂದೇ.

ಇನ್ನು ಆಗಲೇ ತಿರುಗಿಸಿಟ್ಟ ಶಾಫ್ಟಿನ ಗತಿ. ಗ್ರೈಂಡಿಂಗ್ ಇದೆಯೆಂದು ಮೊದಲೇ ಗೊತ್ತಿದ್ದರೆ ಲೇತ್‌ನಲ್ಲಿ ವ್ಯಾಸಕ್ಕೆ 0.2ರಿಂದ 0.3 ಮಿಲಿಮೀಟರ್ ಹೆಚ್ಚು ಬಿಡುತ್ತಿದ್ದರು. ಈಗ ಅದಿಲ್ಲ. ಆದರೂ ಸೀಲ್ ಜಾಗದ ವ್ಯಾಸಕ್ಕೆ ಸಾಮಾನ್ಯವಾಗಿ ಸಡಿಲ ಮಿತಿ ಕೊಡುತ್ತಾರೆ. 40 ಮಿಲಿಮೀಟರ್ ಶಾಫ್ಟಿಗೆ ಅದು ಹೆಚ್ಚಾಗಿ 0.16. ವ್ಯಾಸ ಮೇಲಿನ ಮಿತಿಯ ಹತ್ತಿರ ನಿಂತಿದ್ದರೆ ಲೇತ್ ಗುರುತು ಪೂರ್ತಿ ಹೋಗುವಷ್ಟು ಉಜ್ಜಲು ಜಾಗವಿದೆ, ಜಾಬ್ ಉಳಿಯುತ್ತದೆ. ಕೆಳಗಿನ ಮಿತಿಗೆ ಬಂದಿದ್ದರೆ ಗುಜರಿ. ಇದೇ ತಪ್ಪು ಪಕ್ಕದ ಬೇರಿಂಗ್ ಜಾಗದಲ್ಲಿ ಆಗಿದ್ದರೆ ಅಲ್ಲಿ ಮಿತಿಯೇ ಕೆಲವು ಮೈಕ್ರಾನ್, ಉಳಿಸುವ ಮಾತೇ ಇಲ್ಲ.

ತಪ್ಪು ತಿರುವುಮುರುವಾಗಿಯೂ ಆಗುತ್ತದೆ. ಬರೀ ಬೋಲ್ಟ್ ಕೂರುವ ಮುಖಕ್ಕೆ 3.2 ಮೈಕ್ರಾನ್ ಕೇಳಿದ್ದನ್ನು 32 ಮೈಕ್ರೋಇಂಚ್ ಎಂದು ಓದಿದರೆ 0.8 ತರಲು ಗ್ರೈಂಡಿಂಗ್‌ಗೆ ಕಳಿಸುತ್ತಾರೆ. ಅಲ್ಲಿ ಜಾಬ್ ಕೆಡುವುದಿಲ್ಲ, ಹಣ ಮಾತ್ರ ಹೋಗುತ್ತದೆ. ಹಾಗಾಗಿ ಆ ತಪ್ಪು ವರ್ಷಗಟ್ಟಲೆ ಯಾರಿಗೂ ತಿಳಿಯದೆ ಉಳಿಯಬಹುದು.

ಗ್ರೈಂಡಿಂಗ್ ಮುಗಿಸಿ ಬಂದ ಶಾಫ್ಟನ್ನು ಟೆಸ್ಟರಿಗೆ ಹಿಡಿದರೆ ತೆರೆಯ ಮೇಲೆ 0.38 ಬರುತ್ತದೆ ಎನ್ನೋಣ. ಮಾನ ಬದಲಿಸುವ ಬಟನ್ ಒತ್ತಿದರೆ ಅದೇ ಶಾಫ್ಟಿಗೆ ಅದೇ ತೆರೆ 15 ಎನ್ನುತ್ತದೆ. ತಪಾಸಣೆಯ ಹಾಳೆಯಲ್ಲಿ ಬರೀ 15 ಎಂದು ಬರೆದಿಟ್ಟರೆ ಮುಂದಿನ ಬ್ಯಾಚಿನ ಹುಡುಗ ಮತ್ತೆ ಕೇಳುತ್ತಾನೆ: “ಸಾರ್, ಇಲ್ಲೊಂದು ಪಾಯಿಂಟ್ ಬಿಟ್ಟೋಗಿದೆಯಲ್ವಾ?”