ಗೀತೆಯ ಸ್ವರಲಿಪಿ: ಶ್ರುತಿ ಬದಲಾದಾಗ ಮರುಬರವಣಿಗೆಯ ಕ್ರಮ

ಕರ್ನಾಟಕ ಸಂಗೀತದ ಸ್ವರಲಿಪಿಯಲ್ಲಿ ‘ಸ’ ಎಂಬ ಅಕ್ಷರವು ನಿಶ್ಚಿತವಾದ ಒಂದು ನಾದದ ಹೆಸರಲ್ಲ. ಹಾಡುವವರು ಆರಿಸಿಕೊಂಡ ಆಧಾರಶ್ರುತಿಯನ್ನು ಅದು ಸೂಚಿಸುತ್ತದೆ. ಆದುದರಿಂದ ಶ್ರುತಿ ಬದಲಾದರೂ ಸ್ವರಾಕ್ಷರಗಳು ಬದಲಾಗುವುದಿಲ್ಲ. ಆದರೆ ಕೀಬೋರ್ಡಿನ ನೆರವಿನಿಂದ ಕಲಿಯುವವರ ಅನುಕೂಲಕ್ಕಾಗಿ ಸ್ವರಗಳ ಕೆಳಗೆ ಸಿ, ಡಿ, ಇ ಮೊದಲಾದ ಹೆಸರುಗಳನ್ನೂ ಬರೆಯುವುದುಂಟು. ಇವು ನಿಶ್ಚಿತ ನಾದಗಳು. ಶ್ರುತಿಯೊಡನೆ ಇವು ಬದಲಾಗಲೇಬೇಕು. ಬದಲಾಗದ ಸಾಲು ಯಾವುದು, ಬದಲಾಗುವ ಸಾಲು ಯಾವುದು ಎಂಬ ವಿವೇಚನೆಯೇ ಮರುಬರವಣಿಗೆಯ ತಳಹದಿ.

ಪುರಂದರದಾಸರ ‘ಶ್ರೀ ಗಣನಾಥ’ ಗೀತೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರ ರಾಗ ಮಲಹರಿ, ತಾಳ ರೂಪಕ. ಹಳೆಯ ಪುಟವೊಂದರ ಛಾಯಾಚಿತ್ರದಲ್ಲಿ ಈ ಗೀತೆಯು ಸಿ ಶ್ರುತಿಯಲ್ಲಿದೆ; ಅದನ್ನು ಬಾಲಕಿಯೊಬ್ಬಳ ಕಂಠಕ್ಕೆ ಹೊಂದುವ ಜಿ ಶ್ರುತಿಗೆ ಬರೆಯಬೇಕಾಗಿದೆ ಎಂದುಕೊಳ್ಳೋಣ. ಬಿಳಿಯ ಮನೆಗಳ ಎಣಿಕೆಯಲ್ಲಿ ಸಿ ಒಂದನೆಯದು, ಜಿ ಐದನೆಯದು.

ಶ್ರುತಿಯ ಕೆಲಸಕ್ಕೆ ಮೊದಲು ಚಿತ್ರವನ್ನು ಸರಿಯಾಗಿ ಓದಬೇಕು. ಛಾಯಾಚಿತ್ರದಲ್ಲಿ ಸುಲಭವಾಗಿ ಅಳಿಸಿಹೋಗುವುದು ಚಿಕ್ಕ ಗುರುತುಗಳು. ಒಂದಕ್ಷರಕಾಲ ನಿಲ್ಲಿಸುವ ಅಲ್ಪವಿರಾಮವೂ ಎರಡಕ್ಷರಕಾಲ ನಿಲ್ಲಿಸುವ ಅರ್ಧವಿರಾಮವೂ ಒಂದರಂತೆ ಮತ್ತೊಂದು ಕಾಣುತ್ತವೆ. ಇದಕ್ಕೆ ತಾಳವೇ ಪರೀಕ್ಷಕ. ರೂಪಕದ ಒಂದು ಆವರ್ತಕ್ಕೆ ದ್ರುತದ ಎರಡು, ಲಘುವಿನ ನಾಲ್ಕು, ಒಟ್ಟು ಆರು ಅಕ್ಷರಕಾಲ. ಎಣಿಕೆ ಐದಕ್ಕೆ ನಿಂತರೆ ಅಥವಾ ಏಳಕ್ಕೆ ಹೋದರೆ ಗುರುತೊಂದನ್ನು ತಪ್ಪಾಗಿ ಓದಲಾಗಿದೆ ಎಂದರ್ಥ. ತಾರಸ್ಥಾಯಿಯ ಮೇಲುಬಿಂದು ಮಾಸಿದ್ದರೆ ತಾಳವು ಅದನ್ನು ತಿಳಿಸದು; ಆಗ ನಡೆಯನ್ನು ನೋಡಬೇಕು. ದೈವತದ ಪಕ್ಕದ ಷಡ್ಜಕ್ಕೆ ಬಿಂದುವಿಲ್ಲದಿದ್ದರೆ ಹಾಡು ಹಠಾತ್ತನೆ ಕೆಳಕ್ಕೆ ಧುಮುಕಿದಂತಾಗುತ್ತದೆ. ಸರಳ ಗೀತೆಗೆ ಅಂತಹ ನೆಗೆತ ಅಸಹಜ.

ಆದರೆ ರಾಗಲಕ್ಷಣವನ್ನು ಮುಂದಿಟ್ಟು ತಿದ್ದುವಾಗಲೂ ಎಚ್ಚರ ಅಗತ್ಯ. ಮಲಹರಿಯ ಆರೋಹಣದಲ್ಲಿ ಗಾಂಧಾರವಿಲ್ಲ. ಹಾಗಿದ್ದರೂ ಈ ಗೀತೆಯಲ್ಲಿ ಋಷಭದಿಂದ ಗಾಂಧಾರವನ್ನು ಮುಟ್ಟಿ ಋಷಭಕ್ಕೇ ಮರಳುವ ಸಂಚಾರವಿದೆ. ಅಸ್ಪಷ್ಟವಾದ ‘ಗ’ವನ್ನು ಕಂಡು, ಲಕ್ಷಣಕ್ಕೆ ವಿರುದ್ಧವೆಂದು ಭಾವಿಸಿ ‘ಮ’ ಎಂದು ತಿದ್ದಿದರೆ, ದೋಷವನ್ನು ಕಳೆಯಹೋಗಿ ಪಾಠವನ್ನೇ ಕೆಡಿಸಿದಂತಾಗುತ್ತದೆ.

ಇನ್ನು ಶ್ರುತಿಯ ವಿಚಾರ. ಷಡ್ಜದಿಂದ ಎಣಿಸಿದರೆ ಮಲಹರಿಯ ಋಷಭವು ಒಂದು, ಗಾಂಧಾರವು ನಾಲ್ಕು, ಮಧ್ಯಮವು ಐದು, ಪಂಚಮವು ಏಳು, ದೈವತವು ಎಂಟು ಸ್ವರಸ್ಥಾನಗಳ ದೂರದಲ್ಲಿವೆ. ಈ ಅಂತರಗಳನ್ನು ಜಿ ಯಿಂದ ಎಣಿಸಿದರೆ ಜಿ, ಜಿ ಶಾರ್ಪ್, ಬಿ, ಸಿ, ಡಿ, ಡಿ ಶಾರ್ಪ್ ದೊರೆಯುತ್ತವೆ. ಹೆಚ್ಚಿನ ತಪ್ಪು ನಡೆಯುವುದು ಇಲ್ಲಿಯೇ. ಕೀಬೋರ್ಡಿನ ಹೆಸರುಗಳ ಸರಣಿ ಸಿ ಯಲ್ಲಿ ಹೊಸದಾಗಿ ಆರಂಭವಾಗುತ್ತದೆ. ಸ್ಥಾಯಿಯಾದರೋ ಷಡ್ಜದಲ್ಲಿ ಆರಂಭವಾಗುತ್ತದೆ. ಜಿ ಶ್ರುತಿಯಲ್ಲಿ ಮಧ್ಯಮವು ಜಿ ಯ ಮೇಲಿನ ಸಿ. ಆ ಸಿ ಯನ್ನು ಕಂಡು ಮಧ್ಯಮಕ್ಕೆ ತಾರಸ್ಥಾಯಿಯ ಬಿಂದುವಿಡುವುದು ಒಂದು ತಪ್ಪು. ಬಿಂದುವಿಲ್ಲವೆಂದು ಕೆಳಗಿನ ಸಿ ಯನ್ನು ನುಡಿಸುವುದು ಇನ್ನೊಂದು ತಪ್ಪು. ಬಿಂದುಗಳು ಮೂಲದಲ್ಲಿದ್ದಂತೆಯೇ ಉಳಿಯಬೇಕು.

ಸಾಹಿತ್ಯದ ಜೋಡಣೆಗೆ ಆವರ್ತಕ್ಕೆ ಆರು ಮನೆಗಳ ಕೋಷ್ಟಕವನ್ನು ಹಾಕಿಕೊಳ್ಳುವುದು ಸೂಕ್ತ. ಕೇವಲ ತೆರಪು ಬಿಟ್ಟು ಬರೆದರೆ, ‘ಜಿ ಶಾರ್ಪ್’ ಎಂಬಂತಹ ಉದ್ದದ ಹೆಸರು ಬಂದೊಡನೆ ಮುಂದಿನ ಅಕ್ಷರಗಳೆಲ್ಲ ಬಲಕ್ಕೆ ಸರಿಯುತ್ತವೆ. ಮಾದರಿಗಾಗಿ ರಚಿಸಿದ ಒಂದು ಆವರ್ತ ಹೀಗಿದೆ:

| ಸ್ವರ | ಸ | ರಿ | ಮ | ಪ | ದ | , |
|---|---|---|---|---|---|---|
| ಸಿ ಶ್ರುತಿ | ಸಿ | ಸಿ ಶಾರ್ಪ್ | ಎಫ್ | ಜಿ | ಜಿ ಶಾರ್ಪ್ | , |
| ಜಿ ಶ್ರುತಿ | ಜಿ | ಜಿ ಶಾರ್ಪ್ | ಮೇಲಿನ ಸಿ | ಮೇಲಿನ ಡಿ | ಮೇಲಿನ ಡಿ ಶಾರ್ಪ್ | , |
| ಸಾಹಿತ್ಯ | ಬೆ | ಳ | ಗಿ | ನ | ಲಿ | – |

ಮೂಲದಲ್ಲಿ ‘ದಾ’ ಎಂದು ದೀರ್ಘವಾಗಿ ಅಚ್ಚಾಗಿರಬಹುದು. ಕೋಷ್ಟಕದಲ್ಲಿ ಅದು ‘ದ’ ಮತ್ತು ಅಲ್ಪವಿರಾಮ ಎಂದು ಎರಡು ಮನೆಗಳಾಗುತ್ತದೆ. ಅದರ ಕೆಳಗಿನ ‘ಲಿ’ ಛಂದಸ್ಸಿನ ಎಣಿಕೆಯಲ್ಲಿ ಲಘುವಾದರೂ ಸಂಗೀತದಲ್ಲಿ ಎರಡಕ್ಷರಕಾಲ ನಿಲ್ಲುತ್ತದೆ. ಆದುದರಿಂದ ಮಾತ್ರೆಯನ್ನು ಎಣಿಸಿ ಸಾಹಿತ್ಯವನ್ನು ಹಂಚಬಾರದು. ಸ್ವರದ ಸಾಲನ್ನೇ ಅನುಸರಿಸಬೇಕು. ‘ಶ್ರೀ’ಯಂತಹ ಒತ್ತಕ್ಷರವು ಒಂದೇ ಮನೆಯಲ್ಲಿ ಇಡಿಯಾಗಿ ಇರಬೇಕು.

ಬರೆದು ಮುಗಿದ ಬಳಿಕ ಹೊಸ ಸ್ವರದ ಸಾಲನ್ನು ಛಾಯಾಚಿತ್ರದೊಡನೆ ಅಕ್ಷರಶಃ ಹೋಲಿಸಬೇಕು. ಅಲ್ಲಿ ಯಾವ ವ್ಯತ್ಯಾಸವೂ ಇರಕೂಡದು. ಅನಂತರ ನಾದಗಳ ಹೆಸರುಗಳಿಂದ ಸ್ವರಗಳನ್ನು ಹಿಂದಕ್ಕೆ ಬಿಡಿಸಿ ನೋಡಬೇಕು. ಕೊನೆಯದಾಗಿ ಕಂಠದ ಪರೀಕ್ಷೆ. ಈ ಗೀತೆಯು ಮಧ್ಯಷಡ್ಜದಿಂದ ತಾರಋಷಭದವರೆಗೆ, ಅಂದರೆ ಹದಿಮೂರು ಸ್ವರಸ್ಥಾನಗಳಷ್ಟು ಏರುತ್ತದೆ. ಷಡ್ಜವನ್ನು ಕೀಬೋರ್ಡಿನ ನಡುವಿನ ಸಿ ಯ ಕೆಳಗಿನ ಜಿ ಯಲ್ಲಿಟ್ಟರೆ ಬಾಲಕಿಗೆ ಆ ಋಷಭ ಸುಲಭವಾಗಿ ಎಟುಕುತ್ತದೆ. ಮೇಲಿನ ಜಿ ಯಲ್ಲಿಟ್ಟರೆ ಹಾಳೆಯ ಮೇಲಿನ ಬರವಣಿಗೆ ಶುದ್ಧವಾಗಿದ್ದರೂ ಹಾಡು ಕಂಠಕ್ಕೆ ಒಗ್ಗುವುದಿಲ್ಲ.