ಹೂವಿಗೆ ಬಾಳೆನಾರು ಹುಟ್ಟುವಾಗಲೇ ಇರುತ್ತಾ?

“ಅಕ್ಕಾ, ಹೂವಿಗೆ ನಾರು ಹುಟ್ಟುವಾಗಲೇ ಇರುತ್ತಾ?”

ಏಳನೇ ಕ್ಲಾಸಿನ ಆ ಹುಡುಗಿ ಕೇಳಿದಾಗ ನನಗೆ ಮೊದಲು ಅರ್ಥವೇ ಆಗಲಿಲ್ಲ. ಹುಟ್ಟಿನಿಂದ ಅವಳಿಗೆ ಕಣ್ಣು ಕಾಣಿಸದು. ಹೂ ಅಂದ್ರೆ ಅವಳ ಪಾಲಿಗೆ ಜಡೆಗೆ ಮುಡಿಸುವ ಮಲ್ಲಿಗೆ ದಂಡೆ. ಕಟ್ಟಿದ ಬಾಳೆನಾರನ್ನೂ ಅವಳು ಹೂವಿನ ಭಾಗವೆಂದೇ ತಿಳಿದಿದ್ದಳು. ಆದರೆ ‘ಹೂವಿನ ಭಾಗಗಳಾವುವು?’ ಎಂದರೆ ದಳ, ಕೇಸರ, ಶಲಾಕೆ ಅಂತ ಒಂದೂ ತಪ್ಪಿಲ್ಲದೆ ಹೇಳುತ್ತಿದ್ದಳು. ಎರಡು ತಿಂಗಳಿಂದ ಪ್ರತಿ ಭಾನುವಾರ ಪಾಠ ಓದಿ ಹೇಳುತ್ತಿದ್ದವಳು ನಾನೇ.

ಮುಂದಿನ ವಾರ ಪುಸ್ತಕ ಬಿಟ್ಟು ಬುಟ್ಟಿ ಒಯ್ದೆ. ಬೇರು ಸಮೇತ ದಂಟಿನ ಸೊಪ್ಪು, ಬೇರು ಸಮೇತ ಗರಿಕೆ, ದಾಸವಾಳ, ಬೆಂಡೆಕಾಯಿ, ಕ್ಯಾರೆಟ್, ಶುಂಠಿ. ಎಲ್ಲ ಮಕ್ಕಳಿಗೂ ಒಂದೊಂದು ಸೆಟ್, ದಾಸವಾಳ ಮಾತ್ರ ಎರಡೆರಡು. ಒಂದೇ ಹೂ ಕೈಯಿಂದ ಕೈಗೆ ಹೋದರೆ ಮೂರನೇ ಮಗುವಿಗೆ ಸಿಗೋದು ಮುದ್ದೆ.

ಮೊದಲು ಇಡೀ ಗಿಡ. ಬಿಡಿ ಎಲೆ, ಬಿಡಿ ಹೂ ಕೊಟ್ಟರೆ ಯಾವುದು ಎಲ್ಲಿಂದ ಹೊರಟಿದೆ ಅಂತ ಗೊತ್ತಾಗೋದಿಲ್ಲ. ದಂಟನ್ನು ಬೇರು ತಮ್ಮ ಕಡೆ ಬರುವಂತೆ ಮೇಜಿನ ಮೇಲೆ ಇಟ್ಟುಕೊಂಡರು. ಎಡಗೈ ಬುಡದ ಮೇಲೆ ಅಲುಗದೆ ಇರಬೇಕು, ಬಲಗೈ ಮಾತ್ರ ಮೇಲಕ್ಕೆ ಸಾಗಬೇಕು. ದಂಟಿಗೆ ಒಂದು ದಪ್ಪ ತಾಯಿಬೇರು. ಎಲೆಯ ಹಿಂಭಾಗ ಸವರಿದರೆ ನಡುವೆ ಉಬ್ಬಿದ ನರ, ಅದರಿಂದ ಕವಲು. ಗರಿಕೆಗೆ ಕೂದಲಿನಂಥ ಬೇರಿನ ಗೊಂಚಲು. ಎಲೆಯಲ್ಲಿ ನರಗಳು ಉದ್ದಕ್ಕೂ ಸಾಲಾಗಿ ಹೋಗುತ್ತವೆ. “ಎರಡೂ ಸೊಪ್ಪೇ, ಬೇರು ಮಾತ್ರ ಬೇರೆ ಬೇರೆ!” ಅಂದ ಒಬ್ಬ ಹುಡುಗ.

ಆಮೇಲೆ ದಾಸವಾಳ. ನನ್ನ ಮೊದಲ ತಪ್ಪು ಇಲ್ಲೇ ಆಯ್ತು. “ಇದು ಕೇಸರ, ಅದು ಶಲಾಕಾಗ್ರ” ಅಂದೆ. ಇದು, ಅದು ಅಂದರೆ ಅವರಿಗೆ ಯಾವುದು? ತಿದ್ದಿಕೊಂಡೆ: “ತೊಟ್ಟು ಹಿಡ್ಕೊಳ್ಳಿ. ಮೇಲೆ ಹಸಿರು ಬಟ್ಟಲು ಸಿಗುತ್ತೆ, ಅದು ಪುಷ್ಪಪತ್ರ. ಅದರೊಳಗಿಂದ ರೇಷ್ಮೆಯಂಥ ಐದು ದಳ. ನಡುವಿನಿಂದ ಒಂದು ಕಡ್ಡಿ ಹೊರಗೆ ಚಾಚಿದೆ. ಕಡ್ಡಿಯ ಮೇಲೆ ರವೆ ಅಂಟಿದ ಹಾಗಿದೆಯಲ್ಲ, ಅವು ಕೇಸರಗಳ ತಲೆಗಳು. ಬೆರಳಿಗೆ ಹತ್ತಿದ ಪುಡಿ ಪರಾಗ. ತುದಿಯಲ್ಲಿ ಐದು ಪುಟ್ಟ ಗುಂಡಿಗಳು, ಅದು ಶಲಾಕಾಗ್ರ.” ಯಾರಿಗಾದರೂ ಸಿಗದಿದ್ದರೆ ಅವರ ಕೈ ಹಿಡಿದು ಎಳೆಯಲಿಲ್ಲ. ಕೇಳಿ, ನನ್ನ ಕೈಯನ್ನು ಅವರ ಕೈ ಕೆಳಗಿಟ್ಟೆ. ನನ್ನ ಬೆರಳು ಹೋದ ದಾರಿಯಲ್ಲಿ ಅವರದ್ದೂ ಬಂತು.

“ಇದಕ್ಕೆ ವಾಸನೆನೇ ಇಲ್ವಲ್ಲಕ್ಕಾ?” ನಿಜ. ಮಲ್ಲಿಗೆ ರಾತ್ರಿ ಪತಂಗಗಳನ್ನು ಪರಿಮಳದಿಂದ ಕರೆಯುತ್ತೆ. ದಾಸವಾಳ ಹಗಲಲ್ಲಿ ಬಣ್ಣದಿಂದ ಹಕ್ಕಿಗಳನ್ನು ಕರೆಯುತ್ತೆ ಅಂದೆ.

ಎರಡನೇ ಹೂವಿನ ಕಡ್ಡಿಯನ್ನು ಉಗುರಿನಿಂದ ಉದ್ದಕ್ಕೆ ಸೀಳಿದರು. ಒಳಗೆ ನೂಲಿನಂಥ ಶಲಾಕೆ ಬುಡದ ಅಂಡಾಶಯಕ್ಕೆ ಇಳಿಯುತ್ತೆ. ಆದರೆ ಆ ಅಂಡಾಶಯ ತೀರ ಚಿಕ್ಕದು, ಒಳಗಿನ ಕೋಣೆಗಳು ಬೆರಳಿಗೆ ಸಿಗವು. ಬೆಂಡೆಕಾಯಿ ತಂದದ್ದು ಅದಕ್ಕೇ. ಬೆಂಡೆ, ದಾಸವಾಳ ಒಂದೇ ಕುಟುಂಬದವು. ಹೂವಿನ ರಚನೆಯೂ ಹೆಚ್ಚುಕಡಿಮೆ ಒಂದೇ. ಬೆಂಡೆಯ ಅಂಡಾಶಯವೇ ಬಲಿತು ಕಾಯಿ ಆಗೋದು. ಅಡ್ಡಕ್ಕೆ ದಪ್ಪಗೆ ಕೊಯ್ದ ತುಂಡಿನಲ್ಲಿ ಲೋಳೆಯ ನಡುವೆ ಐದು ಗೂಡು, ಗೂಡಿನೊಳಗೆ ಬೀಜ. ಆ ಹುಡುಗಿ ಗೂಡು ಎಣಿಸಿ ಮತ್ತೆ ದಾಸವಾಳದ ತುದಿಗೆ ಕೈ ಹಾಕಿದಳು. “ಇಲ್ಲೂ ಐದು, ಅಲ್ಲೂ ಐದು. ಸಾರಿನಲ್ಲಿ ನಾವು ತಿನ್ನೋದು ಹೂವಿನ ಹೊಟ್ಟೆನಾ?”

ಕಲಿತರೋ ಇಲ್ವೋ ತಿಳಿಯೋಕೆ ಹೆಸರು ಕೇಳಿದರೆ ಸಾಲದು, ಅದು ಬಾಯಿಪಾಠದಲ್ಲೂ ಬರುತ್ತೆ. ಹೇಳಿಕೊಡದ ವಸ್ತು ಕೊಡಬೇಕು. ಕೊನೆಗೆ ಕ್ಯಾರೆಟ್ ಮತ್ತು ಶುಂಠಿ ಕೊಟ್ಟೆ. ಎರಡನ್ನೂ ಮೂಸಿ, ತಕ್ಷಣ ಹೆಸರು ಹೇಳಿದರು. “ಎರಡೂ ಮಣ್ಣೊಳಗಿರೋದು, ಬೇರು” ಅಂತ ಒಂದೇ ದನಿ. ವಾಸನೆ ಯಾವ ಗಿಡ ಅಂತ ಹೇಳೀತು, ಯಾವ ಭಾಗ ಅಂತ ಹೇಳದು. “ದಂಟಿನ ಕಾಂಡದಲ್ಲಿ ಏನೇನಿತ್ತು, ಇಲ್ಲಿ ಹುಡುಕಿ” ಅಂದೆ.

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅವಳೇ ಹೇಳಿದಳು: “ಶುಂಠಿಗೆ ಬಳೆ ಬಳೆ ಥರ ಗೆಣ್ಣಿದೆ. ತುದೀಲಿ ಮೊಳಕೆ ಬಂದಿದೆ. ಕ್ಯಾರೆಟ್‌ಗೆ ಗೆಣ್ಣಿಲ್ಲ. ಶುಂಠಿ ಕಾಂಡ ಅಕ್ಕಾ!”

ನೀವೂ ಮಾಡಿಸುವುದಾದರೆ ಒಂದು ಎಚ್ಚರ: ಎಕ್ಕ, ಕಣಗಿಲೆ, ಪಾರ್ಥೇನಿಯಂ ಬುಟ್ಟಿಗೆ ಬೇಡವೇ ಬೇಡ. ಎಕ್ಕದ ಹಾಲು ಕಣ್ಣಿಗೆ ಅಪಾಯ. ಪಾಠ ಮುಗಿದ ಕೂಡಲೇ ಎಲ್ಲರೂ ಕೈ ತೊಳೆಯಲಿ.

ಹೊರಡುವಾಗ ಅವಳು ತನ್ನ ಜಡೆಯ ಮಲ್ಲಿಗೆಯನ್ನು ಮುಟ್ಟಿಕೊಂಡು ಒಂದು ಹೂ ಬಿಡಿಸಿದಳು. ನಾರನ್ನು ನನ್ನ ಕೈಗಿಟ್ಟು ಅಂದಳು: “ಇದು ಬಾಳೆಗಿಡದ್ದು, ಮಲ್ಲಿಗೆದಲ್ಲ.”