ಕೋಲು ಮುಖ, ಸಾಧಾರಣ ಮೈಕಟ್ಟು

ಪತ್ರಿಕೆಯ ಒಳಪುಟದಲ್ಲಿ ‘ಕಾಣೆಯಾಗಿದ್ದಾರೆ’ ಎಂಬ ಪೊಲೀಸ್ ಪ್ರಕಟಣೆ ಓದುವವರಿಗೆ ಚಹರೆಯ ಸಾಲುಗಳು ಬಾಯಿಪಾಠವಾಗಿಬಿಟ್ಟಿರುತ್ತವೆ: ಐದೂವರೆ ಅಡಿ ಎತ್ತರ, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಕಪ್ಪು ಕೂದಲು. ಯಾವುದೇ ಊರಿನ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತರೆ ಇಷ್ಟಕ್ಕೆ ಹೊಂದುವ ಹತ್ತು ಮಂದಿ ಕಣ್ಣಿಗೆ ಬೀಳುತ್ತಾರೆ. ಬರೆದಿದ್ದರಲ್ಲಿ ಸುಳ್ಳೇನೂ ಇಲ್ಲ, ಆದರೆ ಆ ಹತ್ತು ಮಂದಿಯಲ್ಲಿ ನಮ್ಮವರು ಯಾರೆಂದು ತಿಳಿಯುವುದಿಲ್ಲ. ಕತೆ ಬರೆಯುವವರ ಪಾಡು ಇನ್ನೂ ಕಷ್ಟ. ‘ಲಕ್ಷಣವಾದ ಮುಖ’, ‘ಸುಂದರ ಕಣ್ಣು’ ಎಂದರೆ ನೋಡಿದವರಿಗೆ ಹಿತವೆನಿಸಿತು ಎಂದಷ್ಟೇ ಗೊತ್ತಾಗುತ್ತದೆ. ಚಿತ್ರ ಬಿಡಿಸುವವನಿಗೆ ಅದರಿಂದ ಒಂದು ಗೆರೆಯನ್ನೂ ಎಳೆಯಲಾಗುವುದಿಲ್ಲ.

ಈ ತೊಡಕನ್ನು ಕಸುಬಾಗಿಯೇ ತೆಗೆದುಕೊಂಡವನು ಪ್ಯಾರಿಸ್ ಪೊಲೀಸ್ ಕಚೇರಿಯ ಗುಮಾಸ್ತ ಅಲ್ಫಾನ್ಸ್ ಬರ್ಟಿಲಾನ್. 1879ರಲ್ಲಿ ಕೆಲಸಕ್ಕೆ ಸೇರಿದಾಗ ಅವನ ಮುಂದಿದ್ದದ್ದು ಇಂಥವೇ ಚಹರೆ ಚೀಟಿಗಳ ರಾಶಿ. ಅವನು ರೂಪಿಸಿದ ವಿಧಾನಕ್ಕೆ ಪೋರ್ಟ್ರೇ ಪಾರ್ಲೆ ಎಂದು ಹೆಸರು, ಅಂದರೆ ಮಾತಿನಲ್ಲಿ ಬರೆದ ಮುಖ. ಮೂಗನ್ನು ಅವನು ಒಂದೇ ಪದದಲ್ಲಿ ಮುಗಿಸುತ್ತಿರಲಿಲ್ಲ. ಪಕ್ಕದಿಂದ ನೋಡಿದರೆ ಮೂಗಿನ ದಿಂಡು ಒಳಬಾಗಿದೆಯೋ, ನೇರವೋ, ಉಬ್ಬಿದೆಯೋ? ಅದರ ತಳ ಮೇಲಕ್ಕೆತ್ತಿದೆಯೋ, ಮಟ್ಟಸವೋ, ಕೆಳಗಿಳಿದಿದೆಯೋ? ಪ್ರತಿ ಅಂಗಕ್ಕೂ ಅತಿ ಸಣ್ಣದರಿಂದ ಅತಿ ದೊಡ್ಡದರವರೆಗೆ 7 ಮೆಟ್ಟಿಲು. ಪದದ ಕೆಳಗೆ ಗೆರೆ ಎಳೆದರೆ ‘ಬಹಳ’ ಎಂದು, ಆವರಣದೊಳಗೆ ಹಾಕಿದರೆ ‘ಕೊಂಚ’ ಎಂದು ಅರ್ಥ. ಅವನು ಎಲ್ಲಕ್ಕಿಂತ ನಂಬಿದ್ದು ಕಿವಿಯನ್ನು. ಅದರ ಮಡಿಕೆ, ಹಾಲೆಗಳು ಒಬ್ಬರಿಂದೊಬ್ಬರಿಗೆ ಅಷ್ಟು ಬೇರೆಯಾಗಿರುತ್ತವೆ, ವಯಸ್ಸಾದರೂ ಅವುಗಳ ವಿನ್ಯಾಸ ಹೆಚ್ಚು ಬದಲಾಗುವುದಿಲ್ಲ. ಬೆರಳಚ್ಚು ಬಂದ ಮೇಲೆ ಅವನ ಅಳತೆಯ ಪದ್ಧತಿ ಮೂಲೆ ಸೇರಿತು. ನನ್ನ ಎಣಿಕೆಯಲ್ಲಿ ಮುಖವನ್ನು ನೋಡುವ ಅವನ ಕ್ರಮಕ್ಕೆ ಮಾತ್ರ ಈಗಲೂ ಬೆಲೆಯಿದೆ.

ಆ ಕ್ರಮವನ್ನು ಒಂದು ಮುಖದ ಮೇಲೆ ಹಚ್ಚಿ ನೋಡೋಣ. ಎಲ್ಲರಿಗೂ ಫೋಟೋ ಸುಲಭವಾಗಿ ಸಿಗುವ ಮುಖ ಬೇಕು, ಆದ್ದರಿಂದ ಅಬ್ರಹಾಂ ಲಿಂಕನ್. ಅವನೇ 1859ರ ಡಿಸೆಂಬರಿನಲ್ಲಿ ಪರಿಚಯಸ್ಥರೊಬ್ಬರಿಗೆ ತನ್ನ ಚಹರೆ ಬರೆದುಕೊಟ್ಟಿದ್ದ. ಎತ್ತರ 6 ಅಡಿ 4 ಇಂಚಿನ ಹತ್ತಿರ, ತೆಳ್ಳನೆ ದೇಹ, ತೂಕ ಸುಮಾರು 180 ಪೌಂಡ್, ಕಪ್ಪಗಿನ ಮೈಬಣ್ಣ, ಒರಟು ಕಪ್ಪು ಕೂದಲು, ಬೂದು ಕಣ್ಣು. ಬೇರೆ ಗುರುತು ಯಾವುದೂ ನೆನಪಿಲ್ಲ ಎಂದು ಕೊನೆಗೆ ಸೇರಿಸಿದ್ದ. ಎತ್ತರ ಬಿಟ್ಟರೆ ಇದು ನಮ್ಮ ಠಾಣೆಯ ಪ್ರಕಟಣೆಗಿಂತ ಬೇರೆಯಲ್ಲ. ತಮಾಷೆಯೆಂದರೆ ಅವನ ಬಲಗೆನ್ನೆಯ ಮೇಲೆ, ಬಾಯಿಯ ಪಕ್ಕದಲ್ಲಿ, ಎದ್ದು ಕಾಣುವ ಮಚ್ಚೆಯಿತ್ತು. ದಿನವೂ ಕನ್ನಡಿಯಲ್ಲಿ ಕಾಣುವುದು ನಮ್ಮ ಲೆಕ್ಕಕ್ಕೆ ಬರುವುದಿಲ್ಲವೇನೋ.

ಮೊದಲು ಮೂಳೆ. ಮಾಂಸ ಇಳಿಯುತ್ತದೆ, ಏರುತ್ತದೆ. ಮೂಳೆಯ ಚೌಕಟ್ಟು ಅಷ್ಟು ಬೇಗ ಬದಲಾಗುವುದಿಲ್ಲ. ನಮ್ಮ ಶಿಲ್ಪಿಗಳ ತಾಳಮಾನದಲ್ಲಿ 12 ಅಂಗುಲದ ಮುಖವನ್ನು ಹಣೆ, ಮೂಗು, ಮೂಗಿನ ಕೆಳಗಿನಿಂದ ಗಲ್ಲದವರೆಗೆ ಎಂದು ನಾಲ್ಕು ನಾಲ್ಕು ಅಂಗುಲದ ಮೂರು ಪಾಲು ಮಾಡುತ್ತಾರೆ. ನಿಜವಾದ ಮುಖಗಳು ಹೀಗೆ ಸಮನಾಗಿ ಇರುವುದು ಅಪರೂಪ, ಆದ್ದರಿಂದಲೇ ಈ ಅಳತೆ ಉಪಯೋಗಕ್ಕೆ ಬರುತ್ತದೆ. ಯಾವ ಪಾಲು ಉದ್ದ, ಯಾವುದು ಗಿಡ್ಡ ಎಂದು ಬರೆದರೆ ಮುಖ ಅರ್ಧ ಬಂದಂತೆ. ಆಮೇಲೆ ಅಗಲ: ಎಲ್ಲಿ ಅತಿ ಹೆಚ್ಚು? ಹಣೆಯಲ್ಲೋ, ಕೆನ್ನೆಯ ಮೂಳೆಯಲ್ಲೋ, ದವಡೆಯಲ್ಲೋ? ಲಿಂಕನ್ನನದು ಉದ್ದ ಮುಖ, ಅತಿ ಅಗಲದ ಜಾಗ ಕೆನ್ನೆಯ ಮೂಳೆ. ಆ ಮೂಳೆಯ ಕೆಳಗೆ ಕೆನ್ನೆ ಗುಳಿಬಿದ್ದಿದೆ. ಹುಬ್ಬಿನ ಮೂಳೆ ಮುಂದಕ್ಕೆ ಚಾಚಿದೆ. ಗಲ್ಲವೂ ಮುಂದಕ್ಕಿದೆ.

ಕಣ್ಣಿಗೆ ಬಂದಾಗ ಬಣ್ಣದಿಂದ ಶುರು ಮಾಡುವುದು ಎಲ್ಲರ ಅಭ್ಯಾಸ. ನಮ್ಮಲ್ಲಿ ಬಹುಪಾಲು ಜನರ ಕಣ್ಣು ಕಂದು, ಹಾಗಾಗಿ ಬಣ್ಣ ಹೇಳಿದ್ದರಿಂದ ಹೆಚ್ಚೇನೂ ಸಿಗುವುದಿಲ್ಲ. ಬದಲಿಗೆ ಹೀಗೆ ನೋಡಬೇಕು: ಎರಡು ಕಣ್ಣುಗಳ ನಡುವಿನ ಅಂತರ ಒಂದು ಕಣ್ಣಿನ ಅಗಲಕ್ಕಿಂತ ಹೆಚ್ಚೋ ಕಡಿಮೆಯೋ? ಹೊರಮೂಲೆ ಒಳಮೂಲೆಗಿಂತ ಮೇಲಿದೆಯೋ ಕೆಳಗಿದೆಯೋ? ಮೇಲಿನ ರೆಪ್ಪೆಯ ಮಡಿಕೆ ಪೂರ್ತಿ ಕಾಣುತ್ತದೋ, ಚರ್ಮ ಜೋತು ಅದನ್ನು ಮುಚ್ಚಿದೆಯೋ? ಕಣ್ಣುಗುಡ್ಡೆ ಹೊರಗಿದೆಯೋ, ಒಳಸೇರಿದೆಯೋ? ಲಿಂಕನ್ನನ ಕಣ್ಣು ದಟ್ಟ ಹುಬ್ಬಿನ ಕೆಳಗೆ ಆಳಕ್ಕೆ ಇಳಿದಿವೆ. ಕೆಲವು ಫೋಟೋಗಳಲ್ಲಿ ಎಡಗಣ್ಣಿನ ದೃಷ್ಟಿ ಕೊಂಚ ಮೇಲಕ್ಕೆ ಸರಿದಂತಿದೆ. ಅವನ ಮುಖದ ಎರಡು ಪಾರ್ಶ್ವಗಳು ಸಮವಲ್ಲ, 1860ರಲ್ಲಿ ಲಿಯೊನಾರ್ಡ್ ವೋಲ್ಕ್ ಎಂಬ ಶಿಲ್ಪಿ ಅವನ ಮುಖದಿಂದಲೇ ತೆಗೆದ ಪ್ಲಾಸ್ಟರ್ ಅಚ್ಚಿನಲ್ಲೂ ಅದು ಗೊತ್ತಾಗುತ್ತದೆ. ಇಂಥ ಅಸಮತೆಯನ್ನು ಬರೆಯಲು ಜನ ಸಂಕೋಚಪಡುತ್ತಾರೆ, ಅದೊಂದು ಕುಂದು ಎಂಬಂತೆ. ಗುರುತು ಹಿಡಿಯುವವನು ಹುಡುಕುವುದು ಇದನ್ನೇ.

ಕೊನೆಗೆ ಗುರುತುಗಳು. ಎಸ್ಸೆಸ್ಸೆಲ್ಸಿ ಕಾಲದಲ್ಲಿ ‘ಬಲಗೆನ್ನೆಯ ಮೇಲೆ ಮಚ್ಚೆ’ ಎಂದು ಬರೆಸಿದ್ದು ನೆನಪಿರಬಹುದು. ಅದಕ್ಕೆ ಇನ್ನೂ ನಾಲ್ಕು ಮಾತು ಬೇಕು: ಚಪ್ಪಟೆಯೋ ಉಬ್ಬಿದ್ದೋ, ಎಷ್ಟು ದೊಡ್ಡದು, ಯಾವ ಬಣ್ಣ, ಮುಖದ ಯಾವ ಅಂಗದಿಂದ ಎಷ್ಟು ದೂರ. ಲಿಂಕನ್ನನದು ಉಬ್ಬಿದ ಮಚ್ಚೆ, ಬಾಯಿಯ ಬಲ ಕೊನೆಯಿಂದ ತುಸು ಮೇಲೆ. ಎಡ ಬಲ ಯಾವಾಗಲೂ ಆ ವ್ಯಕ್ತಿಯದೇ ಆಗಿರಬೇಕು, ನೋಡುವವರದಲ್ಲ. ಫೋಟೋ ಕೈಕೊಡುವುದೂ ಇಲ್ಲಿಯೇ. ಲಿಂಕನ್ನನ ಯೌವನದ ಕಾಲದ ಡಾಗೆರೋಟೈಪ್ ತಗಡುಗಳಲ್ಲಿ ಮುಖ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಮೂಡುತ್ತಿತ್ತು. ಇಂದಿನ ಕೆಲವು ಮೊಬೈಲುಗಳ ಸೆಲ್ಫಿಯೂ ಅಷ್ಟೇ. ಅಂಗಿಯ ಗುಂಡಿಪಟ್ಟಿ ಅಥವಾ ಹಿಂದಿನ ಫಲಕದ ಅಕ್ಷರ ನೋಡಿದರೆ ಸತ್ಯ ತಿಳಿಯುತ್ತದೆ. ಗಡ್ಡವನ್ನು ಮಾತ್ರ ಬೇರೆ ಸಾಲಿನಲ್ಲಿ, ದಿನಾಂಕದೊಂದಿಗೆ ಬರೆಯಬೇಕು. 1860ರ ಅಕ್ಟೋಬರಿನಲ್ಲಿ ಗ್ರೇಸ್ ಬೆಡೆಲ್ ಎಂಬ 11 ವರ್ಷದ ಹುಡುಗಿ, ನಿಮ್ಮ ಮುಖ ತೀರಾ ತೆಳ್ಳಗಿದೆ, ಗಡ್ಡ ಬಿಡಿ ಎಂದು ಪತ್ರ ಬರೆದಳು. ಕೆಲವೇ ತಿಂಗಳಲ್ಲಿ ಲಿಂಕನ್ ಗಡ್ಡಧಾರಿಯಾಗಿದ್ದ. ಗಡ್ಡದಿಂದ ಶುರುವಾದ ವಿವರಣೆ 1860ರ ಬೇಸಿಗೆಯ ಫೋಟೋಗಳಲ್ಲಿ ಅವನನ್ನು ಹುಡುಕಲಾರದು.

ಬರೆದದ್ದು ಸಾಕೇ ಎಂದು ತಿಳಿಯಲು, ಆ ಮುಖವನ್ನು ನೋಡಿರದ ಒಬ್ಬರಿಗೆ ವಿವರಣೆ ಕೊಟ್ಟು, ಅದೇ ವಯಸ್ಸಿನ, ಹೆಚ್ಚುಕಡಿಮೆ ಅದೇ ಬಣ್ಣದ ಐದಾರು ಫೋಟೋಗಳ ನಡುವೆ ಹುಡುಕಲು ಹೇಳಬೇಕು. ಅವರು ಎರಡರ ನಡುವೆ ತಡವರಿಸಿದರೆ, ಆ ಎರಡನ್ನು ಬೇರ್ಪಡಿಸುವ ಅಂಶವನ್ನು ನಾವು ಬಿಟ್ಟಿದ್ದೇವೆ ಎಂದಾಯಿತು. ತೀರಾ ಹತ್ತಿರದಿಂದ ತೆಗೆದ ಫೋಟೋ ನೋಡಿ ಬರೆದಿದ್ದರೆ ಮೂಗು ಇದ್ದದ್ದಕ್ಕಿಂತ ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಬಂದಿರುತ್ತದೆ. ಒಂದೂವರೆ ಮೀಟರಿಗಿಂತ ದೂರದಿಂದ ತೆಗೆದ ನೇರ ಮುಖ ಒಂದು, ಪಕ್ಕದ ಮುಖ ಒಂದು ಇದ್ದರೆ ಕೆಲಸ ಸಲೀಸು.

ಇಷ್ಟೆಲ್ಲ ಹೇಳಿದ್ದು ಫೋಟೋ ಎದುರಿಗಿಟ್ಟುಕೊಂಡು ಬರೆಯುವವರಿಗೆ. ಒಮ್ಮೆ ಕಂಡ ಮುಖವನ್ನು ನೆನಪಿನಿಂದ ಬರೆಯುವವರ ಕತೆ ಬೇರೆ. 1990ರಲ್ಲಿ ಜೊನಾಥನ್ ಸ್ಕೂಲರ್ ಮತ್ತು ತೋನ್ಯಾ ಎಂಗ್‌ಸ್ಟ್ಲರ್-ಸ್ಕೂಲರ್ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಳ್ಳನ ಮುಖವನ್ನು ವಿಡಿಯೊದಲ್ಲಿ ನೋಡಿ ಮಾತಿನಲ್ಲಿ ವರ್ಣಿಸಿದವರು ಆಮೇಲೆ ಅವನನ್ನು ಗುರುತಿಸುವಲ್ಲಿ ವರ್ಣಿಸದವರಿಗಿಂತ ಹಿಂದೆ ಬಿದ್ದರು. 2014ರಲ್ಲಿ ಹಲವು ಪ್ರಯೋಗಾಲಯಗಳು ಸೇರಿ ಇದನ್ನು ಮತ್ತೆ ಪರೀಕ್ಷಿಸಿದವು. ನೋಡಿದ ತಕ್ಷಣ ವರ್ಣಿಸಿದರೆ ನಷ್ಟ ಸಣ್ಣದು. 20 ನಿಮಿಷ ಬಿಟ್ಟು, ಗುರುತಿಸುವ ಕ್ಷಣಕ್ಕೆ ಸ್ವಲ್ಪ ಮುಂಚೆ ವರ್ಣಿಸಿದರೆ ನಷ್ಟ ದೊಡ್ಡದು. ಹಾಗಾಗಿ ಸಾಕ್ಷಿಯ ಹೇಳಿಕೆಯನ್ನು ಘಟನೆಯಾದ ಕೂಡಲೇ ಬರೆದುಕೊಳ್ಳುವುದು ಒಳ್ಳೆಯದು, ಫೋಟೋಗಳನ್ನು ತೋರಿಸುವ ಹೊತ್ತಿಗೆ ‘ಮೂಗು ಹೇಗಿತ್ತು, ಹೇಳಿ’ ಎಂದು ಅವರನ್ನು ಕೆದಕದಿರುವುದು ಇನ್ನೂ ಒಳ್ಳೆಯದು.